ಹುಡುಗರಿಗೆಂದು ಬರೆದ ಭಾಷಣ, ಎದುರಿಗೆ ಹಿರಿಯರು: ಹತ್ತು ನಿಮಿಷದಲ್ಲಿ ಬದಲಿಸುವುದು ಹೇಗೆ?

ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರ ಹಳ್ಳಿಯಲ್ಲಿ ಏಳು ದಿನ ನಡೆಯುತ್ತದೆ. ಬೆಳಗ್ಗೆ ಶ್ರಮದಾನ, ಸಂಜೆ ಉಪನ್ಯಾಸ, ಆಮೇಲೆ ಹುಡುಗರ ಹಾಡು, ನಾಟಕ. ಉಪನ್ಯಾಸಕ್ಕೆ ಕರೆಯುವ ಶಿಬಿರಾಧಿಕಾರಿಗಳು "ನಮ್ಮ ಹುಡುಗರಿಗೆ ಮುಕ್ಕಾಲು ಗಂಟೆ ಮಾತಾಡಿ ಸಾರ್" ಎಂದಿರುತ್ತಾರೆ. ಆದರೆ ಊರಲ್ಲಿ ಮೈಕು ಕಟ್ಟಿದ ಮೇಲೆ ಊರಿನವರು ಬರದೇ ಇರುವುದಿಲ್ಲ. ಮುಂದಿನ ಕುರ್ಚಿಗಳಲ್ಲಿ ಯಜಮಾನರು, ಜಮಖಾನದ ಮೇಲೆ ಹೆಂಗಸರು, ಹುಡುಗರೆಲ್ಲ ಹಿಂದೆ ನಿಂತವರು. ನಿಮ್ಮ ಕೈಯಲ್ಲಿರುವುದು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಮಾಡಿಕೊಂಡ ಸ್ಲೈಡುಗಳು.

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಇಂಥದೇ ಸಂಜೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಏನೇನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ವಿಷಯ ಮೊಬೈಲ್ ಪಾವತಿ ಮತ್ತು ಮೋಸದ ಕರೆಗಳು. ಈ ಭಾಗದಲ್ಲಿ ನಾನು ಹೆಚ್ಚಾಗಿ ಮಾತಾಡುವುದು ಇದರ ಬಗ್ಗೆಯೇ.

ಮೊದಲು: ವಯಸ್ಸು ಬೇರೆ, ಪರಿಚಯ ಬೇರೆ

ಎದುರಿಗೆ ನರೆತ ತಲೆಗಳು ಕಂಡ ಕೂಡಲೇ "ಎಲ್ಲವನ್ನೂ ಸುಲಭ ಮಾಡಿಬಿಡೋಣ" ಎಂದುಕೊಳ್ಳುವುದು ತಪ್ಪು ಚಿಕಿತ್ಸೆ. ಕೇಳುಗರು ಹಿರಿಯರಾಗಿರುವುದು ಒಂದು ವಿಚಾರ, ತಂತ್ರಜ್ಞಾನದ ಪರಿಚಯ ಕಡಿಮೆ ಇರುವುದು ಇನ್ನೊಂದು ವಿಚಾರ. ವಯಸ್ಸಾದವರಿಗಾಗಿ ಬದಲಿಸಬೇಕಾದದ್ದು ಧ್ವನಿ, ವೇಗ, ಬೆಳಕು, ಅವಧಿ. ಪರಿಚಯ ಇಲ್ಲದವರಿಗಾಗಿ ಬದಲಿಸಬೇಕಾದದ್ದು ವಿಷಯ. ಮೈಸೂರಿನ ಸರಸ್ವತೀಪುರಂನಲ್ಲೋ ಕುವೆಂಪುನಗರದಲ್ಲೋ ನಿವೃತ್ತರ ಸಂಘಕ್ಕೆ ಹೋದರೆ ಎದುರಿಗೆ ಎಪ್ಪತ್ತು ದಾಟಿದ ಇಂಜಿನಿಯರುಗಳು, ವಿಜ್ಞಾನಿಗಳು, ಬ್ಯಾಂಕ್ ಮ್ಯಾನೇಜರುಗಳು ಕೂತಿರುತ್ತಾರೆ. ಅವರಿಗೆ ವಿಷಯ ತೆಳುವಾಗಿಸಿ ಹೇಳಿದರೆ ಅವಮಾನ ಮಾಡಿದಂತೆ. ಅವರಿಗೆ ಬೇಕಾದದ್ದು ನಿಧಾನವಾಗಿ, ಸ್ಪಷ್ಟವಾಗಿ ಕೇಳಿಸುವ ಪೂರ್ತಿ ವಿಷಯ. ಅದೇ ಹಳ್ಳಿಯಲ್ಲಿ ಮೂವತ್ತೈದರ ಹೆಂಗಸೊಬ್ಬರ ಕಿವಿ ಚುರುಕಾಗಿಯೇ ಇರುತ್ತದೆ, ಆದರೆ ಫೋನಿನಿಂದ ಒಮ್ಮೆಯೂ ದುಡ್ಡು ಕಳಿಸಿರುವುದಿಲ್ಲ. ಆದ್ದರಿಂದ ಭಾಷಣಕ್ಕೆ ಕೈ ಹಾಕುವ ಮೊದಲು ಇವೆರಡರಲ್ಲಿ ಯಾವುದು, ಅಥವಾ ಎರಡೂನಾ, ಎಂದು ತಿಳಿದುಕೊಳ್ಳಬೇಕು.

ಹತ್ತು ನಿಮಿಷದಲ್ಲಿ ತಿಳಿದುಕೊಳ್ಳುವುದು

ಹಳ್ಳಿಯ ಸಂಜೆ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಡೈರಿಗೆ ಹಾಲು ಹಾಕಿ ಬರುವವರು ಬಂದ ಮೇಲೆಯೇ ಜನ ಸೇರುವುದು. ಆ ಹೊತ್ತನ್ನು ವೇದಿಕೆಯ ಕುರ್ಚಿಯಲ್ಲಿ ಕಳೆಯಬೇಡಿ. ಕೆಳಗೆ ಹೋಗಿ, ಜಮಖಾನದ ಅಂಚಿನಲ್ಲಿ ಕೂತು, ಇಬ್ಬರು ಮೂವರ ಹತ್ತಿರ ಮಾತಾಡಿ.

"ನಿಮಗೆ ಯುಪಿಐ ಗೊತ್ತಾ?" ಎಂದು ಕೇಳಬೇಡಿ. ಅದು ಪರೀಕ್ಷೆಯ ಪ್ರಶ್ನೆ. ಗೊತ್ತಿದ್ದವರೂ "ಇಲ್ಲ" ಅನ್ನುತ್ತಾರೆ. "ಹಾಲಿನ ದುಡ್ಡು ನಿಮಗೆ ಹೆಂಗೆ ಬರುತ್ತೆ ಅಮ್ಮ?" ಎಂದು ಕೇಳಿ. ಆ ಸಂಜೆ ಸಿಕ್ಕ ಉತ್ತರ ಹೀಗಿತ್ತು: "ಬ್ಯಾಂಕಿಗೇ ಬೀಳ್ತದೆ ಕಣಪ್ಪ. ಮೆಸೇಜು ಬತ್ತದೆ, ಮೊಮ್ಮಗ ಓದಿ ಯೋಳ್ತನೆ." ಈ ಒಂದು ಮಾತಿನಲ್ಲಿ ಬೇಕಾದ ಮಾಹಿತಿಯೆಲ್ಲ ಇದೆ. ಅವರಿಗೆ ಬ್ಯಾಂಕ್ ಖಾತೆ ಇದೆ, ಅದು ಫೋನ್ ನಂಬರಿಗೆ ಜೋಡಣೆಯಾಗಿದೆ, ಮೆಸೇಜ್ ಬರುತ್ತದೆ, ಆದರೆ ಅದನ್ನು ಓದುವವರು ಬೇರೆ. ಅಂದರೆ ಮೋಸದ ಕರೆ ಬಂದಾಗ ಫೋನ್ ಎತ್ತುವವರು ಒಬ್ಬರು, ತೆರೆಯ ಮೇಲೆ ಬಂದದ್ದನ್ನು ಓದಬಲ್ಲವರು ಇನ್ನೊಬ್ಬರು. ಅಪಾಯ ಇರುವುದೇ ಆ ಸಂದಿಯಲ್ಲಿ.

ಮಾತಾಡುತ್ತಲೇ ಅವರ ಫೋನುಗಳನ್ನು ಗಮನಿಸಿ. ಗುಂಡಿ ಒತ್ತುವ ಫೋನು ಹೆಚ್ಚಿದ್ದರೆ ಫೋನ್ ಪೇ, ಗೂಗಲ್ ಪೇ ಬಗ್ಗೆ ಉದ್ದಕ್ಕೆ ಹೇಳಿ ಪ್ರಯೋಜನವಿಲ್ಲ. ಅವರಿಂದ ಕಳ್ಳರು ಕೇಳುವುದು ಎಟಿಎಂ ಕಾರ್ಡಿನ ಮೇಲಿನ ನಂಬರು ಮತ್ತು ಮೆಸೇಜಿನಲ್ಲಿ ಬರುವ ಓಟಿಪಿ. ತೆರೆ ಇರುವ ಫೋನು ಹೆಚ್ಚಿದ್ದರೆ ಪಿನ್, ಕ್ಯೂಆರ್ ಕೋಡ್, ವಾಟ್ಸಾಪಿನಲ್ಲಿ ಬರುವ ಫೈಲುಗಳ ವಿಚಾರ ಹೇಳಬೇಕು. ಕೊನೆಗೆ ಶಿಬಿರಾಧಿಕಾರಿಯನ್ನು ಒಂದೇ ಪ್ರಶ್ನೆ ಕೇಳಿ: ಈ ಊರಲ್ಲಿ ಯಾರಾದರೂ ಇತ್ತೀಚೆಗೆ ದುಡ್ಡು ಕಳೆದುಕೊಂಡಿದ್ದಾರಾ? ಇದ್ದರೆ ಅವರ ಹೆಸರು ನಿಮ್ಮ ಬಾಯಲ್ಲಿ ಬರಕೂಡದು, ಅವರ ಪ್ರಕರಣವನ್ನು ಹೋಲುವ ಉದಾಹರಣೆಯೂ ಬರಕೂಡದು. ಸಣ್ಣ ಊರಲ್ಲಿ ಎಲ್ಲರೂ ಅವರ ಕಡೆ ತಿರುಗಿ ನೋಡುತ್ತಾರೆ.

ಭಾಷಣದಲ್ಲಿ ಏನನ್ನು ಉಳಿಸುವುದು

ಸಿದ್ಧ ಭಾಷಣವನ್ನು ಚಿಕ್ಕದು ಮಾಡಲು ಹೊರಟವರು ಸಾಮಾನ್ಯವಾಗಿ ಎಲ್ಲ ಭಾಗಗಳನ್ನೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾರೆ. ಆಗ ಎಲ್ಲವೂ ಉಳಿದಿರುತ್ತದೆ, ಯಾವುದೂ ತಲೆಗೆ ಹೋಗುವುದಿಲ್ಲ. ಬೇರೆ ದಾರಿ ಹಿಡಿಯಿರಿ. ಒಂದು ಹಾಳೆಯ ಹಿಂಬದಿಯಲ್ಲಿ ಈ ವಾಕ್ಯ ಬರೆದು ಪೂರ್ತಿ ಮಾಡಿ: "ನಾಳೆ ಬೆಳಗ್ಗೆ ಇವರಿಗೆ ಒಂದು ಮೋಸದ ಕರೆ ಬಂದರೆ, ಇವರು..." ಆ ಖಾಲಿ ಜಾಗಕ್ಕೆ ಬರುವುದು ಮಾಡುವ ಕೆಲಸವಾಗಿರಬೇಕು. "ಜಾಗೃತರಾಗಿರಬೇಕು" ಎಂಬುದು ಕೆಲಸವಲ್ಲ. "ಫೋನ್ ಇಟ್ಟುಬಿಡಬೇಕು" ಎಂಬುದು ಕೆಲಸ.

ಆ ಸಂಜೆಯ ಸಿದ್ಧ ಭಾಷಣದಲ್ಲಿ ಯುಪಿಐ 2016ರಲ್ಲಿ ಬಂದ ಕಥೆ ಇತ್ತು. ದುಡ್ಡು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹೋಗುವ ದಾರಿಯ ಚಿತ್ರ, ಫಿಶಿಂಗಿನ ಬಗೆಗಳು, ಎರಡು ಹಂತದ ದೃಢೀಕರಣ, ಐಟಿ ಕಾಯ್ದೆಯ ಕಲಂ 66ಡಿ, ದೂರು ಕೊಡುವ ವೆಬ್‌ಸೈಟು ಇವೆಲ್ಲ ಇದ್ದವು. ಹುಡುಗರಿಗೆ ಇವು ಬೇಕು. ಮುಂದೆ ಕೂತವರಿಗೆ ಇವುಗಳಿಂದ ಆಗುವ ಕೆಲಸ ಯಾವುದೂ ಇಲ್ಲ. ಹಾಳೆಯ ಹಿಂಬದಿಯಲ್ಲಿ ಉಳಿದದ್ದು ಮೂರೇ ಸಾಲು:

1. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ.
2. ಫೋನ್ ಮಾಡಿ ಓಟಿಪಿ, ಕಾರ್ಡ್ ನಂಬರ್ ಕೇಳಿದರೆ ಫೋನ್ ಇಡಿ.
3. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮೂರಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದು ಬಹಳ ಮುಖ್ಯ ಅನ್ನಿಸಿದರೆ ಈ ಮೂರರಲ್ಲಿ ಒಂದನ್ನು ತೆಗೆದು ಅದನ್ನು ಹಾಕಿ.

ಸುಲಭ ಮಾಡುವಾಗ ಸುಳ್ಳಾಗದಂತೆ ನೋಡಿಕೊಳ್ಳಿ

ಇದು ಈ ಕೆಲಸದ ಕಷ್ಟದ ಭಾಗ. ಒಳ್ಳೆಯ ಭಾಷಣಕಾರರೂ ಇಲ್ಲಿ ಅವಸರ ಮಾಡುತ್ತಾರೆ. ಸರಳವಾಗಿ ಹೇಳಬೇಕೆಂಬ ಆತುರದಲ್ಲಿ "ಓಟಿಪಿ ಯಾರಿಗೂ ಹೇಳಲೇಬೇಡಿ" ಎಂದುಬಿಡುತ್ತಾರೆ. ಕೇಳಲು ಚೆನ್ನಾಗಿದೆ, ನೆನಪಿಗೂ ನಿಲ್ಲುತ್ತದೆ. ಆದರೆ ಕೇಳಿಸಿಕೊಂಡ ಅಮ್ಮ ಮಾರನೆಯ ದಿನವೇ ಯಾವುದೋ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿಯ ಹುಡುಗ "ಒಂದು ಓಟಿಪಿ ಬಂದಿರುತ್ತೆ ನೋಡಿ ಅಮ್ಮ" ಅನ್ನುತ್ತಾನೆ. ಅವರು ಹೇಳುತ್ತಾರೆ, ಕೆಲಸವೂ ಆಗುತ್ತದೆ. ನೀವು ಕೊಟ್ಟ ನಿಯಮ ಒಂದೇ ದಿನದಲ್ಲಿ ಮುರಿದುಬಿತ್ತು. ಮುರಿದರೂ ಏನೂ ಆಗಲಿಲ್ಲ. ಮುಂದೆ ಕಳ್ಳನ ಕರೆ ಬಂದಾಗ ಆ ನಿಯಮಕ್ಕೆ ಬೆಲೆಯೇ ಇರುವುದಿಲ್ಲ.

ಆದ್ದರಿಂದ ನಿಯಮವನ್ನು ಅವರ ಬದುಕಿನ ಜೊತೆ ಒಮ್ಮೆ ತಾಳೆ ನೋಡಿ ಹೇಳಬೇಕು. ನಾನು ಹೇಳುವುದು ಹೀಗೆ: "ನೀವಾಗಿ ನೀವೇ ಒಂದು ಕೆಲಸಕ್ಕೆ ಹೋಗಿದ್ದೀರಿ, ಎದುರಿಗೆ ಕೂತಿದ್ದೀರಿ, ಆ ಕೆಲಸಕ್ಕೇ ನಂಬರು ಬಂದಿದೆ, ಮೆಸೇಜು ಓದಿಸಿ ಏನಂತ ಕೇಳಿಕೊಳ್ಳಿ, ಸರಿ ಇದ್ದರೆ ಹೇಳಿ. ಆದರೆ ಅವರಾಗಿ ಅವರೇ ಫೋನ್ ಮಾಡಿ ಕೇಳಿದರೆ ಹೇಳಬೇಡಿ. ಬ್ಯಾಂಕಿನವರು ಅಂದರೂ ಹೇಳಬೇಡಿ, ಪೊಲೀಸಿನವರು ಅಂದರೂ ಹೇಳಬೇಡಿ." ಇದು ಸ್ವಲ್ಪ ಉದ್ದವಾಯಿತು, ನಿಜ. ಆದರೆ ಗ್ರಾಮ ಒನ್‌ಗೆ ಹೋಗಿ ಬಂದ ಮೇಲೂ ಮುರಿಯುವುದಿಲ್ಲ.

ಪಿನ್ ವಿಷಯದಲ್ಲೂ ಹಾಗೆಯೇ. "ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ" ಎಂದು ಹೇಳಿಬಿಟ್ಟರೆ, ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗಲೂ ಪಿನ್ ಒತ್ತುವ ಮನುಷ್ಯ "ಇವರು ಹೇಳಿದ್ದು ಸರಿಯಿಲ್ಲ" ಎಂದುಕೊಳ್ಳುತ್ತಾನೆ. "ಪಿನ್ ಒತ್ತುವುದು ದುಡ್ಡು ಕೊಡೋಕೆ, ಇಲ್ಲಾ ನಮ್ಮ ಖಾತೇಲಿ ಎಷ್ಟಿದೆ ಅಂತ ನೋಡೋಕೆ. ಬರೋ ದುಡ್ಡಿಗೆ ಪಿನ್ ಬೇಡ, ಸ್ಕ್ಯಾನೂ ಬೇಡ" ಎಂದರೆ ಅಷ್ಟೇ ಸುಲಭ, ಮತ್ತು ನಿಜ.

ನಿಮ್ಮ ವಿಷಯ ಬೇರೆ ಇರಬಹುದು, ಹನಿ ನೀರಾವರಿಯೋ ಸಕ್ಕರೆ ಕಾಯಿಲೆಯ ಔಷಧಿಯೋ. ಪ್ರತಿ ಸರಳ ವಾಕ್ಯಕ್ಕೂ ಈ ಪರೀಕ್ಷೆ ಮಾಡಿ: ಇದನ್ನು ಕೇಳಿದವರು ನಾಳೆ ನೋಡುವ ಯಾವುದಾದರೂ ಸಂಗತಿ ಇದನ್ನು ಸುಳ್ಳು ಮಾಡುತ್ತದೆಯಾ?

ಶುರು ಮಾಡುವುದು ಎಲ್ಲಿಂದ

ಸಿದ್ಧ ಭಾಷಣದ ಮೊದಲ ವಾಕ್ಯ "ಭಾರತದಲ್ಲಿ ಡಿಜಿಟಲ್ ಪಾವತಿ ಕ್ರಾಂತಿ" ಎಂದಿತ್ತು. ಅದನ್ನು ಬಿಟ್ಟು, ಹತ್ತು ನಿಮಿಷದ ಮಾತುಕತೆಯಲ್ಲಿ ಸಿಕ್ಕಿದ್ದನ್ನೇ ಎತ್ತಿಕೊಳ್ಳಿ.

"ಊರಿನ ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ. ಈಗ ತಾನೇ ಡೈರಿಗೆ ಹಾಲು ಹಾಕಿ ಬಂದಿದ್ದೀರಿ. ಹಾಲಿನ ದುಡ್ಡು ಬ್ಯಾಂಕಿಗೆ ಬೀಳುತ್ತೆ. ಗೃಹಲಕ್ಷ್ಮಿ ಎರಡು ಸಾವಿರವೂ ಬ್ಯಾಂಕಿಗೇ ಬೀಳುತ್ತೆ. ಇಷ್ಟು ದುಡ್ಡು ಬಂತಲ್ಲ, ಬೀಳುವಾಗ ಒಂದು ಸಲವಾದರೂ ನೀವು ಫೋನಲ್ಲಿ ಯಾವುದಾದರೂ ನಂಬರು ಒತ್ತಿದ್ದೀರಾ?"

ಇಲ್ಲಿ ನಿಲ್ಲಿಸಿ ಕಾಯಬೇಕು. "ಇಲ್ಲ" ಎಂಬ ಉತ್ತರ ಅವರ ಬಾಯಿಂದಲೇ ಬರಬೇಕು. ಬಂದ ಮೇಲೆ: "ಇಲ್ಲ ತಾನೇ? ಹಾಗಾದರೆ ನಾಳೆ ಒಬ್ಬ ಫೋನ್ ಮಾಡಿ, 'ನಿಮಗೆ ದುಡ್ಡು ಬಂದಿದೆ, ನಂಬರು ಒತ್ತಿ' ಅಂದರೆ ಅವನು ಯಾರು?" ಹಿಂದಿನಿಂದ ಯಾರಾದರೂ "ಕಳ್ಳ" ಅನ್ನುತ್ತಾರೆ. ಮೊದಲ ಸಾಲು ಮುಗಿಯಿತು. ಯುಪಿಐ ಎಂಬ ಪದವೇ ಬೇಕಾಗಲಿಲ್ಲ.

ಇಲ್ಲಿ ಮಾಡಬಾರದ್ದು ಒಂದಿದೆ. "ಇವತ್ತು ಹಿರಿಯರು ಹೆಚ್ಚು ಇರೋದರಿಂದ ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ" ಎಂದು ಪೀಠಿಕೆ ಹಾಕಬೇಡಿ. ಬದಲಾವಣೆಯನ್ನು ಮಾಡಿ, ಘೋಷಿಸಬೇಡಿ. "ಇದು ಬಹಳ ಸುಲಭ" ಎಂದೂ ಹೇಳಬೇಡಿ. ಅರ್ಥವಾಗದವರು ಆಮೇಲೆ ಕೈ ಎತ್ತುವುದಿಲ್ಲ. ಪದಗಳ ವಿಷಯದಲ್ಲಿ ಅವರ ಬಾಯಲ್ಲಿ ಆಗಲೇ ಇರುವುದನ್ನೇ ಬಳಸಿ. ಲಿಂಕು, ಮೆಸೇಜು, ಅಕೌಂಟು, ಫೋನ್ ಪೇ ಎಲ್ಲರಿಗೂ ಗೊತ್ತು. ಅವುಗಳಿಗೆ ಗ್ರಂಥದ ಕನ್ನಡ ಹುಡುಕಿದರೆ ಗೊತ್ತಿದ್ದದ್ದೂ ಗೊತ್ತಿಲ್ಲದಂತಾಗುತ್ತದೆ.

ಸ್ಲೈಡಿನ ಬದಲು ಒಂದು ಕರೆ

ಪ್ರೊಜೆಕ್ಟರ್ ಆರಿಸಿಬಿಡಿ. ದೂರದಿಂದ ಓದಲಾಗದ ಅಕ್ಷರಗಳ ಜೊತೆಗೆ, ಪ್ರೊಜೆಕ್ಟರಿಗಾಗಿ ದೀಪ ತೆಗೆದರೆ ನಿಮ್ಮ ಮುಖವೂ ಕಾಣುವುದಿಲ್ಲ. ಅದರ ಬದಲು ಇಬ್ಬರು ವಿದ್ಯಾರ್ಥಿಗಳನ್ನು ಮುಂದೆ ಕರೆಯಿರಿ. ಒಬ್ಬ ಕಳ್ಳ, ಇನ್ನೊಬ್ಬಳು ಅಜ್ಜಿ. ಊರಿನ ಹಿರಿಯರನ್ನು ಮೋಸಹೋಗುವ ಪಾತ್ರಕ್ಕೆ ಕರೆಯಬೇಡಿ.

"ಹಲೋ, ಬ್ಯಾಂಕಿಂದ ಮಾತಾಡ್ತಿರೋದು. ನಿಮ್ಮ ಕೆವೈಸಿ ಆಗಿಲ್ಲ, ಸಂಜೆಯೊಳಗೆ ಅಕೌಂಟ್ ಬಂದ್ ಆಗುತ್ತೆ, ಗೃಹಲಕ್ಷ್ಮಿ ದುಡ್ಡು ಬರಲ್ಲ."

"ಅಯ್ಯೋ, ಏನ್ ಮಾಡ್ಬೇಕಪ್ಪ?"

"ಏನಿಲ್ಲಮ್ಮ, ಈಗ ಒಂದು ಮೆಸೇಜ್ ಬಂತಲ್ಲ, ಅದರಲ್ಲಿರೋ ನಂಬರ್ ಹೇಳಿ ಸಾಕು. ಫೋನ್ ಇಡಬೇಡಿ. ಮನೇಲಿ ಯಾರಿಗೂ ಕೊಡಬೇಡಿ."

ಇಲ್ಲಿ ತಡೆದು ಸಭೆಯನ್ನು ಕೇಳಿ: "ಫೋನ್ ಇಡಬೇಡಿ, ಯಾರಿಗೂ ಕೊಡಬೇಡಿ ಅಂತ ಯಾಕೆ ಹೇಳಿದ?" ಅವಸರ, ಹೆದರಿಕೆ, ಒಂಟಿಯಾಗಿಸುವುದು, ಈ ಮೂರೂ ಕಳ್ಳನ ಹತ್ಯಾರು. ತಾಂತ್ರಿಕವಾಗಿ ಏನೂ ಗೊತ್ತಿಲ್ಲದವರೂ ಇದನ್ನು ಕೂಡಲೇ ಹಿಡಿಯುತ್ತಾರೆ. ಸಂತೆಯಲ್ಲಿ ದನದ ವ್ಯಾಪಾರ ಮಾಡಿದವರಿಗೆ ದಲ್ಲಾಳಿಯ ಅವಸರ ಏನೆಂದು ನಿಮಗಿಂತ ಚೆನ್ನಾಗಿ ಗೊತ್ತು. ಅವರ ಈ ಅನುಭವವನ್ನು ಬಳಸಿಕೊಳ್ಳಿ. ಅವರೇ ಒಂದೆರಡು ಉದಾಹರಣೆ ಹೇಳಲಿ. ಆಮೇಲೆ ಅದೇ ಕರೆಯನ್ನು ಎರಡನೆಯ ಸಲ ಆಡಿಸಿ. ಈ ಸಲ ಅಜ್ಜಿ "ನಾನೇ ಬ್ಯಾಂಕಿಗೆ ಬತ್ತೀನಿ ಬುಡಪ್ಪ" ಎಂದು ಫೋನ್ ಇಡಬೇಕು. ಮೋಸಹೋದದ್ದನ್ನು ಮಾತ್ರ ತೋರಿಸಿ ಬಿಟ್ಟರೆ ಹೆದರಿಕೆ ಉಳಿಯುತ್ತದೆ, ಮಾಡಬೇಕಾದ ಕೆಲಸ ಉಳಿಯುವುದಿಲ್ಲ.

ಕಿವಿ, ಬೆಳಕು, ಹೊತ್ತು

ವಯಸ್ಸಾದಂತೆ ಮೊದಲು ಕುಗ್ಗುವುದು ಕೀರಲು ಶಬ್ದಗಳನ್ನು ಕೇಳುವ ಶಕ್ತಿ. ಮಾತಿನಲ್ಲಿ ಸ, ಶ, ತ, ಫ ಇಂಥ ವ್ಯಂಜನಗಳು ಆ ಪಟ್ಟಿಯಲ್ಲಿ ಬರುತ್ತವೆ. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಕಲಸಿಹೋಗುತ್ತವೆ. "ಶಬ್ದ ಕೇಳ್ತದೆ, ಏನಂದ್ರು ಅಂತ ಗೊತ್ತಾಗಲ್ಲ" ಎಂದು ಹಿರಿಯರು ಹೇಳುವುದು ಇದನ್ನೇ. ಕೂಗಿದರೆ ಸ್ವರಗಳೇ ಇನ್ನೂ ದೊಡ್ಡದಾಗುತ್ತವೆ, ಸ್ಪಷ್ಟತೆ ಬರುವುದಿಲ್ಲ. ಬೇಕಾದದ್ದು ನಿಧಾನ. ಅದೂ ಪದಗಳನ್ನು ಎಳೆಯುವುದಲ್ಲ, ವಾಕ್ಯ ಮುಗಿದ ಕಡೆ ಒಂದು ಉಸಿರಿನಷ್ಟು ನಿಲ್ಲಿಸುವುದು.

ಮೈಕಿನವರ ಹತ್ತಿರ ಮೊದಲೇ ಹೋಗಿ "ಎಕೋ ತೆಗೀರಿ, ಬೇಸ್ ಕಡಿಮೆ ಮಾಡಿ" ಎಂದು ಹೇಳಿ. ಆರ್ಕೆಸ್ಟ್ರಾಕ್ಕೆ ಇಟ್ಟ ಎಕೋ ಭಾಷಣಕ್ಕೂ ಹಾಗೇ ಉಳಿದಿರುವುದು ಉಂಟು, ಅದರಲ್ಲಿ ಒಂದು ಪದವೂ ಬಿಡಿಯಾಗಿ ಕೇಳುವುದಿಲ್ಲ. ಮೈಕನ್ನು ತುಟಿಗೆ ಅಂಟಿಸದೆ ನಾಲ್ಕು ಬೆರಳು ದೂರ, ಬಾಯಿ ಕಾಣುವಂತೆ ಗಲ್ಲದ ಹತ್ತಿರ ಹಿಡಿಯಿರಿ. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ. ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಮುಖದ ಮೇಲೆ ಬೀಳುವ ಕಡೆ ಸರಿದು ನಿಲ್ಲಿ.

ಮುಖ್ಯವಾದ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಹೇಳಿ: "ಒಂದು, ಒಂಬತ್ತು, ಮೂರು, ಸೊನ್ನೆ." ಮತ್ತೆ ಹೇಳಿ. ಸಭೆಯಿಂದಲೂ ಹೇಳಿಸಿ. "ನೈನ್‌ಟೀನ್ ಥರ್ಟಿ" ಎಂದು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ ಹೇಳಿದರೆ ಎರಡು ಬೇರೆ ನಂಬರು ಎಂದುಕೊಳ್ಳುವವರು ಇರುತ್ತಾರೆ.

ಅವಧಿಯನ್ನು ಅರ್ಧಕ್ಕೆ ಇಳಿಸಿ. ಮುಕ್ಕಾಲು ಗಂಟೆಯ ಭಾಷಣವಾದರೆ ಇಪ್ಪತ್ತು ನಿಮಿಷ ನೀವು ಮಾತಾಡಿ, ಉಳಿದದ್ದು ಅವರದು. ನೆಲದ ಮೇಲೆ ಕೂತವರ ಮಂಡಿ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ.

ತಲುಪಿತೇ ಎಂದು ತಿಳಿಯುವುದು

"ಅರ್ಥ ಆಯ್ತಾ?" ಎಂದರೆ ಎಲ್ಲರೂ "ಆಯ್ತು" ಅನ್ನುತ್ತಾರೆ, ಮರ್ಯಾದೆಗೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಸನ್ನಿವೇಶ ಕೊಟ್ಟು ಕೇಳಿ: "ಯಜಮಾನ್ರೇ, ನಿಮ್ಮ ಫೋನಿಗೆ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು, ಗೊತ್ತಿಲ್ಲದ ನಂಬರು. ಏನ್ ಮಾಡ್ತೀರಿ?" ಆ ಸಂಜೆ ಒಬ್ಬರು "ಒತ್ತಿ ನೋಡ್ತೀನಿ, ಯಾರ ಮದ್ವೆ ಅಂತ ಗೊತ್ತಾಗ್ಬೇಕಲ್ಲ" ಎಂದರು. ಅದು ತೀರಾ ಸಹಜವಾದ ಉತ್ತರ. ಪಿನ್ ಮತ್ತು ಓಟಿಪಿಯ ಮಾತು ತಲುಪಿತ್ತು, ಫೈಲಿನ ಅಪಾಯ ತಲುಪಿರಲಿಲ್ಲ ಎಂಬುದು ಅದರಿಂದಲೇ ತಿಳಿಯಿತು. "ನಿಮ್ಮನ್ನ ಮದುವೆಗೆ ಕರೆಯೋರು ಫೋನ್ ಮಾಡಿ ಹೇಳೇ ಹೇಳ್ತಾರೆ. ಗೊತ್ತಿಲ್ಲದ ನಂಬರಿನ ಫೈಲು ಒತ್ತಿದರೆ ನಿಮ್ಮ ಫೋನಿಗೆ ಬರೋ ಮೆಸೇಜನ್ನೆಲ್ಲ ಅವನು ಓದೋ ಹಾಗೆ ಮಾಡಿಕೊಳ್ಳಬಹುದು, ಓಟಿಪಿ ಸಮೇತ" ಎಂದು ಅಲ್ಲೇ ಸೇರಿಸಬೇಕಾಯಿತು.

ತಲುಪುತ್ತಿಲ್ಲ ಎಂಬುದಕ್ಕೆ ಮಾತಿನ ನಡುವೆಯೂ ಗುರುತುಗಳಿವೆ. ಪಕ್ಕದವರನ್ನು ಮೆಲ್ಲಗೆ "ಏನಂದ್ರು?" ಎಂದು ಕೇಳುತ್ತಿದ್ದರೆ ಅದು ಕಿವಿಯ ಸಮಸ್ಯೆ, ಧ್ವನಿ, ಮೈಕು ಸರಿಮಾಡಿ. ಸುಮ್ಮನೆ ತಲೆಯಾಡಿಸುತ್ತಾ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದರೆ ಅದು ವಿಷಯದ ಸಮಸ್ಯೆ. ವಿವರಣೆ ನಿಲ್ಲಿಸಿ ಉದಾಹರಣೆಗೆ ಹೋಗಿ.

ಹಿಂದೆ ನಿಂತ ಹುಡುಗರು

ಅವರಿಗಾಗಿಯೇ ಕರೆದದ್ದು, ಅವರನ್ನು ಬಿಟ್ಟುಬಿಡುವಂತಿಲ್ಲ. ಕೊನೆಯಲ್ಲಿ ತಾಂತ್ರಿಕ ಭಾಗ ಸೇರಿಸುವುದು ಬೇಡ, ಕೇಳಿದ್ದೆಲ್ಲ ಕಲಸಿಹೋಗುತ್ತದೆ. ಬಿಟ್ಟ ಸ್ಲೈಡುಗಳನ್ನು ಮಾರನೆಯ ಬೆಳಗ್ಗೆ ಶಿಬಿರದ ಒಳಗೆ ತೋರಿಸಲು ಶಿಬಿರಾಧಿಕಾರಿಗೆ ಕೊಟ್ಟುಬನ್ನಿ. ಆ ಸಂಜೆ ಹುಡುಗರಿಗೆ ಕೆಲಸ ಕೊಡಿ: ಒಬ್ಬೊಬ್ಬರು ಇಬ್ಬರು ಮೂವರು ಹಿರಿಯರ ಪಕ್ಕ ಕೂತು, ಕೇಳಿ ಒಪ್ಪಿಗೆ ಪಡೆದು, ಅವರ ಫೋನಿನಲ್ಲಿ 1930 ನಂಬರನ್ನು ಅವರಿಗೆ ನೆನಪಿರುವ ಹೆಸರಿನಲ್ಲಿ ಉಳಿಸಿಕೊಡಬೇಕು. ಓದಲು ಬಾರದವರಿಗೆ ನಂಬರನ್ನು ದಪ್ಪ ಅಂಕಿಯಲ್ಲಿ ಚೀಟಿಯಲ್ಲಿ ಬರೆದು ಫೋನಿನ ಹಿಂದೆ ಅಂಟಿಸಿ. ಒಂದು ಎಚ್ಚರಿಕೆಯನ್ನು ಹುಡುಗರಿಗೆ ಮೊದಲೇ ಹೇಳಿರಬೇಕು: ಯಾರ ಪಿನ್ನನ್ನೂ ಕೇಳಕೂಡದು, ಯಾರ ಪಾವತಿ ಆ್ಯಪನ್ನೂ ತೆರೆಯಕೂಡದು.

ಸಭೆ ಚದುರಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಇರಿ. ದುಡ್ಡು ಕಳೆದುಕೊಂಡವರು ಮೈಕಿನಲ್ಲಿ ಕೇಳುವುದಿಲ್ಲ, ಎಲ್ಲರೂ ಹೋದ ಮೇಲೆ ಹತ್ತಿರ ಬರುತ್ತಾರೆ. ಹೋಗಿರುವುದು ಇತ್ತೀಚೆಗಾದರೆ ಅಲ್ಲಿಂದಲೇ 1930ಕ್ಕೆ ಕರೆ ಮಾಡಿಸಿ. ಖಾತೆ ಯಾವ ಬ್ಯಾಂಕಿನದು, ಎಷ್ಟು ಹೋಯಿತು, ಯಾವ ದಿನ, ಯಾವ ಹೊತ್ತು, ಮೆಸೇಜಿನಲ್ಲಿ ಬಂದ ವ್ಯವಹಾರದ ಸಂಖ್ಯೆ ಏನು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಕರೆ ಮಾಡಿ. ದುಡ್ಡು ಇನ್ನೂ ಕಳ್ಳನ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ಸಾಧ್ಯತೆ ಇದೆ, ಅವನು ತೆಗೆದುಕೊಂಡಿದ್ದರೆ ವಾಪಸ್ ಬರುವುದು ಕಷ್ಟ. ಈ ಮಾತನ್ನು ಅವರಿಗೆ ನೇರವಾಗಿಯೇ ಹೇಳಿ. ಕೈಗೆ ಚೀಟಿ ಕೊಟ್ಟು, ಬೆಳಗ್ಗೆ ಬ್ಯಾಂಕಿಗೆ, ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಿ.